ಒಂದೇ ಬಗೆಯ ಹಲವು ಆಕರಗಳ ಶಬ್ದಮಟ್ಟ: ಸಂಖ್ಯೆ ಮತ್ತು ದೂರವನ್ನು ಒಟ್ಟಿಗೆ ಲೆಕ್ಕ ಹಾಕುವ ಕ್ರಮ

ಸುಮಾರು ಅರ್ಧ ಮೀಟರ್ ಗಾತ್ರದ ಒಂದು ಚಿಕ್ಕ ಜನರೇಟರ್ ಬಯಲಿನಲ್ಲಿ ಓಡುತ್ತಿದೆ. ಅದರಿಂದ 2 ಮೀಟರ್ ದೂರದಲ್ಲಿ ಶಬ್ದಮಾಪಕ ಹಿಡಿದರೆ 80 ಡೆಸಿಬೆಲ್ ತೋರಿಸುತ್ತದೆ. ಅಂಥವೇ ಐದು ಜನರೇಟರ್‌ಗಳನ್ನು ಒಂದೆಡೆ ಒತ್ತಾಗಿ ಇಟ್ಟು ಒಟ್ಟಿಗೆ ಓಡಿಸಿದರೆ 40 ಮೀಟರ್ ಆಚೆ ನಿಂತವರಿಗೆ ಎಷ್ಟು ಡೆಸಿಬೆಲ್ ಶಬ್ದ ತಲುಪುತ್ತದೆ? ಈ ಮಾರ್ಗದರ್ಶಿಯಲ್ಲಿ ಮೊದಲು ಈ ಒಂದು ಪ್ರಶ್ನೆಯನ್ನು ಹಂತ ಹಂತವಾಗಿ ಬಿಡಿಸಿ, ಬಳಿಕ ಅದೇ ಲೆಕ್ಕವನ್ನು ಹಿಂದುಮುಂದಾಗಿ ಮಾಡುವುದು ಹೇಗೆ, ಜನರೇಟರ್‌ಗಳು ಒಂದೆಡೆ ಇರದೆ ಸಾಲಾಗಿ ಹರಡಿಕೊಂಡಿದ್ದರೆ ಏನಾಗುತ್ತದೆ, ಯಾವ ಸಂದರ್ಭದಲ್ಲಿ ಸೂತ್ರವೇ ಕೈಕೊಡುತ್ತದೆ ಎಂಬುದನ್ನು ನೋಡೋಣ. ಲಾಗರಿದಮ್ ಗೊತ್ತಿರುವ ಯಾರಾದರೂ ಸಾಮಾನ್ಯ ಕ್ಯಾಲ್ಕುಲೇಟರ್ ಹಿಡಿದು ಇದನ್ನು ಮಾಡಬಹುದು.

ಡೆಸಿಬೆಲ್‌ಗಳನ್ನು ನೇರವಾಗಿ ಕೂಡಿಸಬಾರದು ಏಕೆ

ಶಬ್ದದ ತೀವ್ರತೆ ಎಂದರೆ ಶಬ್ದ ಸಾಗುವ ದಿಕ್ಕಿಗೆ ಲಂಬವಾಗಿರುವ ಒಂದು ಚದರ ಮೀಟರ್ ಮೇಲ್ಮೈಯ ಮೂಲಕ ಪ್ರತಿ ಸೆಕೆಂಡಿಗೆ ಹಾದುಹೋಗುವ ಶಕ್ತಿ. ಅದನ್ನು ಚದರ ಮೀಟರಿಗೆ ಇಷ್ಟು ವ್ಯಾಟ್ ಎಂದು ಹೇಳುತ್ತೇವೆ. ಕಿವಿಗೆ ಕೇಳಿಸುವ ತೀವ್ರತೆಗಳ ಹರವು ಬಹಳ ದೊಡ್ಡದು: ಕೇಳಿಸೀತೋ ಇಲ್ಲವೋ ಎನ್ನುವಷ್ಟು ಕ್ಷೀಣವಾದ ಶಬ್ದಕ್ಕೂ ಕಿವಿ ನೋಯಿಸುವ ಶಬ್ದಕ್ಕೂ ನಡುವೆ ಲಕ್ಷ ಕೋಟಿ ಪಟ್ಟಿನ ಆಸುಪಾಸಿನ ಅಂತರವಿದೆ. ಇಷ್ಟು ದೊಡ್ಡ ಹರವನ್ನು ಎರಡು ಮೂರು ಅಂಕಿಗಳಲ್ಲಿ ಹಿಡಿದಿಡಲು ತೀವ್ರತೆಯ ಬದಲು ಅದರ ಲಾಗರಿದಮ್ ಅನ್ನು ಬಳಸುವ ರೂಢಿ ಬಂತು. 1920ರ ದಶಕದಲ್ಲಿ ದೂರವಾಣಿ ತಂತಿಗಳಲ್ಲಿ ಸಂಕೇತ ಎಷ್ಟು ಕುಗ್ಗುತ್ತದೆ ಎಂದು ಅಳೆಯಲು ಎಂಜಿನಿಯರುಗಳು ಬಳಕೆಗೆ ತಂದ ಈ ಏಕಮಾನಕ್ಕೆ ಅಲೆಕ್ಸಾಂಡರ್ ಗ್ರಹಾಂ ಬೆಲ್ ಅವರ ಹೆಸರಿದೆ.

```
L = 10 · log10( I / I0 )
I0 = 10^-12 W/m²
```

ಇಲ್ಲಿ I ಎಂಬುದು ನಾವು ಅಳೆಯುವ ತೀವ್ರತೆ, I0 ಎಂಬುದು ಹೋಲಿಕೆಗೆ ಇಟ್ಟುಕೊಂಡ ತೀವ್ರತೆ, L ಎಂಬುದು ಡೆಸಿಬೆಲ್‌ನಲ್ಲಿ ಬರುವ ಮಟ್ಟ. 80 ಡೆಸಿಬೆಲ್ ಎಂದರೆ I0ದ 10⁸ ಪಟ್ಟು, ಅಂದರೆ ಚದರ ಮೀಟರಿಗೆ 10⁻⁴ ವ್ಯಾಟ್.

ಎರಡು ಜನರೇಟರ್‌ಗಳು ಒಟ್ಟಿಗೆ ಓಡಿದಾಗ ನಿಜವಾಗಿ ಕೂಡಿಕೊಳ್ಳುವುದು ಶಕ್ತಿ, ಅಂದರೆ ತೀವ್ರತೆ. ಅದರ ಲಾಗರಿದಮ್ ಅಲ್ಲ. ಆದ್ದರಿಂದ 80 ಮತ್ತು 80 ಸೇರಿ 160 ಆಗುವುದಿಲ್ಲ. ಹಾಗೆಂದು ಸರಾಸರಿ ತೆಗೆದು 80 ಎಂದು ಬರೆಯುವುದೂ ತಪ್ಪೇ. ಮುಂದಿನ ಎಲ್ಲ ಹಂತಗಳೂ ಒಂದೇ ನಿಯಮದ ಮೇಲೆ ನಿಂತಿವೆ: ಮಟ್ಟವನ್ನು ತೀವ್ರತೆಗೆ ಇಳಿಸಬೇಕು, ಕೂಡುವುದು, ಗುಣಿಸುವುದು, ಭಾಗಿಸುವುದು ಎಲ್ಲವನ್ನೂ ಅಲ್ಲಿಯೇ ಮುಗಿಸಬೇಕು, ಕೊನೆಯಲ್ಲಿ ಒಮ್ಮೆ ಮಾತ್ರ ಡೆಸಿಬೆಲ್‌ಗೆ ಮರಳಬೇಕು. ಸೂತ್ರ ಮರೆತರೂ ಈ ದಾರಿ ನೆನಪಿದ್ದರೆ ಲೆಕ್ಕ ಕೆಡುವುದಿಲ್ಲ.

ಹಂತ 1: ಒಂದೇ ಆಕರದ ಮಟ್ಟವನ್ನು ಸರಿಯಾಗಿ ಅಳೆಯುವುದು

ಮುಂದಿನ ಲೆಕ್ಕವೆಲ್ಲ ಈ ಒಂದು ಅಂಕಿಯ ಮೇಲೆ ನಿಲ್ಲುವುದರಿಂದ ಇಲ್ಲಿ ಅವಸರ ಕೂಡದು. ಒಂದು ಜನರೇಟರನ್ನು ಮಾತ್ರ ಓಡಿಸಿ ಅಳೆಯಬೇಕು, ಎಷ್ಟು ದೂರದಿಂದ ಅಳೆದೆವು ಎಂಬುದನ್ನೂ ಪಕ್ಕದಲ್ಲೇ ಬರೆದಿಡಬೇಕು. ದೂರವಿಲ್ಲದ ಡೆಸಿಬೆಲ್ ಅಂಕಿ ಈ ಲೆಕ್ಕಕ್ಕೆ ಯಾವ ಪ್ರಯೋಜನಕ್ಕೂ ಬಾರದು. ತೀರ ಹತ್ತಿರದಿಂದಲೂ ಅಳೆಯಬಾರದು, ಏಕೆಂದರೆ ಅಲ್ಲಿ ಯಂತ್ರ ಒಂದು ಬಿಂದುವಿನಂತೆ ವರ್ತಿಸದೆ ಅದರ ಒಂದೊಂದು ಭಾಗವೂ ಬೇರೆ ಬೇರೆ ಆಕರದಂತೆ ವರ್ತಿಸುತ್ತದೆ. ಯಂತ್ರದ ಅತಿ ದೊಡ್ಡ ಅಳತೆಯ ಮೂರು ನಾಲ್ಕು ಪಟ್ಟು ದೂರದಲ್ಲಿ ನಿಲ್ಲುವುದು ಒಳ್ಳೆಯದು. ಅರ್ಧ ಮೀಟರ್ ಗಾತ್ರದ ನಮ್ಮ ಜನರೇಟರಿಗೆ 2 ಮೀಟರ್ ಸಾಕು.

ಬಳಿಕ ಜನರೇಟರ್ ನಿಲ್ಲಿಸಿ ಅದೇ ಜಾಗದಲ್ಲಿ ಹಿನ್ನೆಲೆಯ ಶಬ್ದವನ್ನು ಅಳೆಯಬೇಕು. ಓಡುವಾಗಿನ ಮಟ್ಟ ಹಿನ್ನೆಲೆಗಿಂತ 10 ಡೆಸಿಬೆಲ್ ಅಥವಾ ಇನ್ನೂ ಹೆಚ್ಚಿದ್ದರೆ ಹಿನ್ನೆಲೆಯ ಪಾಲು ಅರ್ಧ ಡೆಸಿಬೆಲ್‌ಗಿಂತ ಕಡಿಮೆ, ಅದನ್ನು ಬಿಟ್ಟುಬಿಡಬಹುದು. ಅಂತರ ಕಡಿಮೆಯಿದ್ದರೆ ಹಿನ್ನೆಲೆಯನ್ನು ಕಳೆಯಬೇಕು, ಅದನ್ನೂ ತೀವ್ರತೆಯಲ್ಲಿಯೇ ಕಳೆಯಬೇಕು. ಓಡುವಾಗ 80, ನಿಲ್ಲಿಸಿದಾಗ 74 ಬಂದಿತ್ತು ಎಂದುಕೊಳ್ಳಿ. 10⁸ರಿಂದ 10⁷·⁴ ಅನ್ನು, ಅಂದರೆ ಸುಮಾರು 2.51 × 10⁷ ಅನ್ನು ಕಳೆದರೆ 7.49 × 10⁷ ಉಳಿಯುತ್ತದೆ. ಅದರ ಲಾಗರಿದಮ್ ಅನ್ನು ಹತ್ತರಿಂದ ಗುಣಿಸಿದರೆ ಜನರೇಟರಿನ ಸ್ವಂತ ಮಟ್ಟ 78.7 ಡೆಸಿಬೆಲ್ ಎಂದು ಸಿಗುತ್ತದೆ. ಅಂತರ 3 ಡೆಸಿಬೆಲ್‌ಗಿಂತ ಕಡಿಮೆಯಿದ್ದರೆ ಹಿನ್ನೆಲೆಯೇ ಜನರೇಟರಿಗಿಂತ ಜೋರಾಗಿದೆ ಎಂದು ಅರ್ಥ. ಅಂಥ ಅಳತೆಯನ್ನು ನಂಬದೆ, ಗದ್ದಲ ಕಡಿಮೆಯಾದ ಹೊತ್ತಿನಲ್ಲಿ ಮತ್ತೆ ಅಳೆಯುವುದೇ ಸರಿ.

ಇನ್ನು ಮುಂದೆ ಹಿನ್ನೆಲೆ ನಗಣ್ಯವಾಗಿತ್ತು, 2 ಮೀಟರಿನಲ್ಲಿ ಜನರೇಟರಿನ ಸ್ವಂತ ಮಟ್ಟವೇ 80 ಡೆಸಿಬೆಲ್ ಎಂದು ಇಟ್ಟುಕೊಳ್ಳೋಣ.

ಹಂತ 2: ಸಂಖ್ಯೆಯ ಪಾಲು

ಒಂದೇ ದೂರದಲ್ಲಿ N ಸಮಾನ ಆಕರಗಳಿದ್ದರೆ ಒಟ್ಟು ತೀವ್ರತೆ ಒಂದರ N ಪಟ್ಟು. ಗುಣಾಕಾರ ಲಾಗರಿದಮ್‌ನಲ್ಲಿ ಸಂಕಲನವಾಗುವುದರಿಂದ ಮಟ್ಟ ಹೀಗೆ ಬದಲಾಗುತ್ತದೆ:

```
L_N = L_1 + 10 · log10(N)
```

N ಎರಡಾದರೆ 3.01, ಐದಾದರೆ 6.99, ಹತ್ತಾದರೆ ಸರಿಯಾಗಿ 10 ಡೆಸಿಬೆಲ್ ಸೇರುತ್ತದೆ. ನಮ್ಮ ಐದು ಜನರೇಟರ್‌ಗಳು 2 ಮೀಟರಿನಲ್ಲಿ 86.99 ಡೆಸಿಬೆಲ್ ಕೊಡುತ್ತವೆ ಎಂದು ಕಾಗದದ ಮೇಲೆ ಬರೆಯಬಹುದು. ಆದರೆ ಐದೂ ಯಂತ್ರಗಳು ಒಬ್ಬ ಕೇಳುಗನಿಂದ ಸರಿಯಾಗಿ 2 ಮೀಟರ್ ದೂರದಲ್ಲಿರುವುದು ಬಯಲಿನಲ್ಲಿ ಅಪರೂಪ, ಆದ್ದರಿಂದ ಈ ಅಂಕಿಯನ್ನು ಮುಂದಿನ ಹಂತಕ್ಕೆ ಒಂದು ಮೆಟ್ಟಿಲೆಂದು ಮಾತ್ರ ಎಣಿಸಬೇಕು.

ಈ ಸೂತ್ರದಲ್ಲಿ ಗಮನಿಸಬೇಕಾದದ್ದು ಸೇರ್ಪಡೆಯ ಪರಿಣಾಮ ಎಷ್ಟು ಬೇಗ ತಗ್ಗುತ್ತದೆ ಎಂಬುದು. ಒಂದರ ಜೊತೆಗೆ ಇನ್ನೊಂದನ್ನು ಸೇರಿಸಿದರೆ 3 ಡೆಸಿಬೆಲ್ ಏರುತ್ತದೆ, ಒಂಬತ್ತರ ಜೊತೆಗೆ ಹತ್ತನೆಯದನ್ನು ಸೇರಿಸಿದರೆ ಏರುವುದು ಅರ್ಧ ಡೆಸಿಬೆಲ್‌ಗಿಂತಲೂ ಕಡಿಮೆ. ಕಿವಿಯ ಅನುಭವಕ್ಕೆ ಶಬ್ದ ಎರಡು ಪಟ್ಟು ಜೋರಾಯಿತು ಎನಿಸಲು ಸುಮಾರು 10 ಡೆಸಿಬೆಲ್ ಏರಬೇಕೆಂಬ ಸ್ಥೂಲ ಅಂದಾಜನ್ನು ಇದರ ಜೊತೆಗಿಟ್ಟು ನೋಡಿದರೆ, ಎರಡು ಜನರೇಟರ್‌ಗಳ ಸದ್ದು ಒಂದರ ಸದ್ದಿನ ಎರಡು ಪಟ್ಟು ಎಂದು ಯಾರಿಗೂ ಅನ್ನಿಸದಿರುವುದರಲ್ಲಿ ಅಚ್ಚರಿಯಿಲ್ಲ.

ಹಂತ 3: ದೂರದ ಪಾಲು

ಚಿಕ್ಕ ಆಕರದಿಂದ ಹೊರಟ ಶಬ್ದ ಎಲ್ಲ ದಿಕ್ಕುಗಳಿಗೂ ಸಮನಾಗಿ ಹರಡಿದರೆ, r ದೂರದಲ್ಲಿ ಅದೇ ಶಕ್ತಿ 4πr² ವಿಸ್ತಾರದ ಗೋಳದ ಮೇಲೆ ಹಂಚಿಹೋಗಿರುತ್ತದೆ. ದೂರ ಎರಡು ಪಟ್ಟಾದರೆ ವಿಸ್ತಾರ ನಾಲ್ಕು ಪಟ್ಟು, ತೀವ್ರತೆ ನಾಲ್ಕನೇ ಒಂದು. ಇದೇ ವಿಲೋಮ ವರ್ಗ ನಿಯಮ. ದೂರದ ವರ್ಗ ಬರುವುದರಿಂದ ಡೆಸಿಬೆಲ್ ಸೂತ್ರದಲ್ಲಿ 10ರ ಜಾಗಕ್ಕೆ 20 ಬರುತ್ತದೆ:

```
L_2 = L_1 − 20 · log10( r2 / r1 )
```

ಗಟ್ಟಿ ನೆಲದ ಮೇಲಿಟ್ಟ ಯಂತ್ರದ ಶಬ್ದ ಕೆಳಕ್ಕೆ ಹೋಗಲಾರದೆ ಮೇಲಿನ ಅರ್ಧಗೋಳದಲ್ಲಿ ಮಾತ್ರ ಹರಡುತ್ತದೆ. ಆಗ 4π ಬದಲು 2π ಬಳಸಬೇಕಲ್ಲವೇ ಎಂಬ ಸಂಶಯ ಬರುತ್ತದೆ. ಯಂತ್ರದ ಶಬ್ದಶಕ್ತಿಯನ್ನು ವ್ಯಾಟ್‌ನಲ್ಲಿ ಕೊಟ್ಟು ಅಲ್ಲಿಂದ ಲೆಕ್ಕ ಆರಂಭಿಸುವುದಾದರೆ ಹೌದು, ಅದನ್ನು ಮರೆತರೆ ಉತ್ತರ 3 ಡೆಸಿಬೆಲ್ ಕಡಿಮೆ ಬರುತ್ತದೆ. ಆದರೆ ನಮ್ಮ ಹಾಗೆ ಅದೇ ನೆಲದ ಮೇಲೆ ಅಳೆದ ಮಟ್ಟದಿಂದ ಹೊರಟರೆ ನೆಲದ ಪಾಲು ಅಳತೆಯಲ್ಲಿ ಆಗಲೇ ಸೇರಿರುತ್ತದೆ, ಎರಡು ದೂರಗಳ ಅನುಪಾತದಲ್ಲಿ ಆ π ಹೊಡೆದುಹೋಗುತ್ತದೆ. ಅಳತೆಯಿಂದ ಆರಂಭಿಸುವ ದಾರಿಯನ್ನೇ ನಾನು ಮೆಚ್ಚುವುದು ಈ ಕಾರಣಕ್ಕೆ.

2 ಮೀಟರಿನಿಂದ 40 ಮೀಟರಿಗೆ ಹೋದರೆ ಅನುಪಾತ 20. ಅದರ ಲಾಗರಿದಮ್ 1.301, ಇಳಿಕೆ 26.02 ಡೆಸಿಬೆಲ್.

ಹಂತ 4: ಎರಡನ್ನೂ ಕೂಡಿಸುವುದು

```
L = L_1 + 10 · log10(N) − 20 · log10( r2 / r1 )
L = 80 + 6.99 − 26.02 = 60.97
```

ಐದು ಜನರೇಟರ್‌ಗಳಿಂದ 40 ಮೀಟರ್ ಆಚೆ ತಲುಪುವುದು ಸುಮಾರು 61 ಡೆಸಿಬೆಲ್. ತೀವ್ರತೆಯ ದಾರಿಯಲ್ಲಿ ಹೋಗಿ ಇದನ್ನು ತಾಳೆ ನೋಡಬಹುದು: 10⁻⁴ ಅನ್ನು ಐದರಿಂದ ಗುಣಿಸಿ, 20ರ ವರ್ಗವಾದ 400ರಿಂದ ಭಾಗಿಸಿದರೆ ಚದರ ಮೀಟರಿಗೆ 1.25 × 10⁻⁶ ವ್ಯಾಟ್. ಅದನ್ನು 10⁻¹²ರಿಂದ ಭಾಗಿಸಿ ಲಾಗರಿದಮ್ ತೆಗೆದು ಹತ್ತರಿಂದ ಗುಣಿಸಿದರೂ 60.97 ಬರುತ್ತದೆ. 10 ಮತ್ತು 20 ಎಂಬ ಗುಣಕಗಳನ್ನು ಅದಲುಬದಲು ಮಾಡುವುದು ಈ ಲೆಕ್ಕದಲ್ಲಿ ಅತಿ ಸಾಮಾನ್ಯವಾದ ತಪ್ಪು, ಈ ತಾಳೆಯಲ್ಲಿ ಅದು ತಕ್ಷಣ ಸಿಕ್ಕಿಬೀಳುತ್ತದೆ.

ಲೆಕ್ಕವನ್ನು ಹಿಂದುಮುಂದಾಗಿ ಮಾಡುವುದು

ಆ 40 ಮೀಟರ್ ಜಾಗದಲ್ಲಿ ಮಟ್ಟ 55 ಡೆಸಿಬೆಲ್ ಮೀರಬಾರದು ಎಂಬ ಮಿತಿ ಇದೆ ಎಂದುಕೊಳ್ಳೋಣ. ಸುಮಾರು 6 ಡೆಸಿಬೆಲ್ ಇಳಿಸಬೇಕು. ಎರಡು ದಾರಿಗಳಿವೆ, ಎರಡರ ಬೆಲೆಯೂ ಬೇರೆ ಬೇರೆ.

ಜನರೇಟರ್‌ಗಳನ್ನು ನಿಲ್ಲಿಸುತ್ತ ಹೋದರೆ, ಎರಡು ಉಳಿದಾಗಲೂ ಮಟ್ಟ 57 ಇರುತ್ತದೆ. ಒಂದೇ ಒಂದು ಉಳಿದಾಗ 53.98 ಆಗಿ ಮಿತಿಯೊಳಗೆ ಬರುತ್ತದೆ. ಅಂದರೆ ಐದರಲ್ಲಿ ನಾಲ್ಕನ್ನು ನಿಲ್ಲಿಸಬೇಕು. ಅದೇ ಐದನ್ನೂ ಓಡಿಸುತ್ತಲೇ ದೂರ ಹೆಚ್ಚಿಸುವುದಾದರೆ ಬೇಕಾದ ದೂರ ಹೀಗೆ ಸಿಗುತ್ತದೆ:

```
r2 = r1 · 10^( (L_N − L) / 20 )
r2 = 2 · 10^( (86.99 − 55) / 20 ) ≈ 79.5
```

80 ಮೀಟರಿಗೆ ಸರಿಸಿದರೆ ಮಟ್ಟ 54.95, ಕೂದಲೆಳೆಯ ಅಂತರದಲ್ಲಿ ಮಿತಿಯೊಳಗೆ. ದೂರವನ್ನು ಎರಡು ಪಟ್ಟು ಮಾಡುವುದು ನಾಲ್ಕರಲ್ಲಿ ಮೂರು ಆಕರಗಳನ್ನು ನಿಲ್ಲಿಸುವುದಕ್ಕೆ ಸಮ. ಸಂಖ್ಯೆ ಒಂದನೇ ಘಾತದಲ್ಲಿಯೂ ದೂರ ಎರಡನೇ ಘಾತದಲ್ಲಿಯೂ ಬರುವುದರ ನಿಜವಾದ ಅರ್ಥ ಇದೇ. ಆದರೆ 0.05 ಡೆಸಿಬೆಲ್‌ನ ಅಂಚು ಕಾಗದದ ಮೇಲೆ ಮಾತ್ರ ಅಂಚು. ಬಯಲಿನ ಅಳತೆಯಲ್ಲಿ ಒಂದೆರಡು ಡೆಸಿಬೆಲ್ ಅತ್ತಿತ್ತ ಆಗುವುದು ಸಾಮಾನ್ಯವಾದ್ದರಿಂದ 100 ಮೀಟರಿನಲ್ಲಿ ನಿಲ್ಲಿಸಿ 53 ಡೆಸಿಬೆಲ್ ಪಡೆಯುವುದು ಜಾಣತನ.

ಆಕರಗಳು ಒಂದೆಡೆ ಇಲ್ಲದಿದ್ದಾಗ

ಮೇಲಿನ ಸೂತ್ರ ನಿಂತಿರುವುದು ಎಲ್ಲ ಆಕರಗಳೂ ಕೇಳುಗನಿಂದ ಒಂದೇ ದೂರದಲ್ಲಿವೆ ಎಂಬ ಊಹೆಯ ಮೇಲೆ. ಅದು ಮುರಿದಾಗ ಏನಾಗುತ್ತದೆ ಎಂಬುದನ್ನು ಮೂರು ಜನರೇಟರ್‌ಗಳ ಸಾಲಿನಲ್ಲಿ ಹತ್ತಿರದಿಂದ ನೋಡೋಣ. ಒಂದರಿಂದ ಒಂದಕ್ಕೆ 4 ಮೀಟರ್ ಅಂತರ ಬಿಟ್ಟು ನೇರ ಸಾಲಿನಲ್ಲಿ ಇಟ್ಟಿದ್ದಾರೆ. ಕೇಳುಗ ನಡುವಿನ ಜನರೇಟರಿಗೆ ಎದುರಾಗಿ 3 ಮೀಟರ್ ದೂರದಲ್ಲಿ ನಿಂತಿದ್ದಾನೆ. ಅಕ್ಕಪಕ್ಕದ ಎರಡು ಜನರೇಟರ್‌ಗಳು ಅವನಿಂದ 5 ಮೀಟರ್ ದೂರದಲ್ಲಿರುತ್ತವೆ, ಏಕೆಂದರೆ 3, 4, 5 ಬಾಹುಗಳ ಲಂಬಕೋನ ತ್ರಿಭುಜ ಅಲ್ಲಿದೆ.

ಇಲ್ಲಿ ಒಂದೊಂದು ಆಕರದ ತೀವ್ರತೆಯನ್ನೂ ಬೇರೆ ಬೇರೆಯಾಗಿ ಕಂಡುಕೊಂಡು ಕೂಡಿಸಬೇಕು. 2 ಮೀಟರಿನಲ್ಲಿ 10⁻⁴ ಇರುವುದರಿಂದ r ದೂರದಲ್ಲಿ ಒಂದರ ತೀವ್ರತೆ 4 × 10⁻⁴ ಭಾಗಿಸು r². ನಡುವಿನದರಿಂದ 4.44 × 10⁻⁵, ಪಕ್ಕದ ಪ್ರತಿಯೊಂದರಿಂದ 1.6 × 10⁻⁵, ಒಟ್ಟು 7.64 × 10⁻⁵. ಮಟ್ಟ 78.8 ಡೆಸಿಬೆಲ್. ನಡುವಿನದೊಂದೇ ಓಡಿದ್ದರೆ 76.5 ಆಗುತ್ತಿತ್ತು. ಮೂರು ಆಕರಗಳಿಗೆ 4.77 ಡೆಸಿಬೆಲ್ ಏರಬೇಕೆಂದು ಹಂತ 2ರ ಸೂತ್ರ ಹೇಳುತ್ತದೆ, ಆದರೆ ಇಲ್ಲಿ ಏರಿದ್ದು 2.35 ಮಾತ್ರ. ಹತ್ತಿರ ನಿಂತವನಿಗೆ ಎದುರಿನ ಯಂತ್ರದ್ದೇ ದೊಡ್ಡ ಪಾಲು.

ಅದೇ ಕೇಳುಗ ನೇರವಾಗಿ ಹಿಂದೆ ಸರಿದು 40 ಮೀಟರ್ ದೂರ ಹೋದರೆ ಪಕ್ಕದ ಜನರೇಟರ್‌ಗಳ ದೂರ 40.2 ಮೀಟರ್. ಆ ವ್ಯತ್ಯಾಸಕ್ಕೆ ಇನ್ನು ಬೆಲೆಯಿಲ್ಲ. ಮೂರೂ ಸಮನಾಗಿ ಕೂಡಿಕೊಂಡು 58.7 ಡೆಸಿಬೆಲ್ ಕೊಡುತ್ತವೆ.

ಈಗ ಎಡವಟ್ಟು ಎಲ್ಲಿದೆ ನೋಡಿ. ಯಾರಾದರೂ ಮೂರೂ ಓಡುತ್ತಿರುವಾಗ 3 ಮೀಟರಿನಲ್ಲಿ ಅಳೆದು 78.8 ಎಂದು ಬರೆದುಕೊಂಡು, ಅದರಿಂದ 20 · log10(40/3), ಅಂದರೆ 22.5 ಕಳೆದರೆ 56.3 ಬರುತ್ತದೆ. ನಿಜವಾದ ಮಟ್ಟಕ್ಕಿಂತ ಅದು 2.4 ಡೆಸಿಬೆಲ್ ಕಡಿಮೆ. ಕಳೆಯುವ ಸೂತ್ರ ಸರಿಯೇ, ಆದರೆ ಅದನ್ನು ಹೂಡಿದ ಅಂಕಿ ಒಂದು ಬಿಂದು ಆಕರದ್ದಲ್ಲ. ಸಾಲಿನ ಹತ್ತಿರ ಇರುವಷ್ಟು ಕಾಲ ಹಿಂದೆ ಸರಿದಂತೆಲ್ಲ ಎದುರಿನ ಯಂತ್ರದ ಪಾಲು ತಗ್ಗುತ್ತಿದ್ದರೂ ಪಕ್ಕದವುಗಳ ಪಾಲು ಅಷ್ಟೇ ವೇಗವಾಗಿ ತಗ್ಗುವುದಿಲ್ಲ. ಆದ್ದರಿಂದ ದೂರ ಎರಡು ಪಟ್ಟಾದಾಗ 6 ಡೆಸಿಬೆಲ್‌ಗಿಂತ ಕಡಿಮೆ ಇಳಿಯುತ್ತದೆ. ವಾಹನಗಳು ಎಡೆಬಿಡದೆ ಓಡುವ ಉದ್ದ ರಸ್ತೆಯಂತೆ ಸಾಲು ಕೊನೆಯಿಲ್ಲದಷ್ಟು ಉದ್ದವಿದ್ದರೆ ಈ ಇಳಿಕೆ 3 ಡೆಸಿಬೆಲ್ ಮಾತ್ರ, ಏಕೆಂದರೆ ಅಲ್ಲಿ ಶಬ್ದ ಗೋಳವಾಗಿ ಹರಡದೆ ಉರುಳೆಯಾಕಾರದಲ್ಲಿ ಹರಡುತ್ತದೆ. ಒಂದು ಸುರಕ್ಷಿತ ರೂಢಿ ಹೇಳುವುದಾದರೆ, ಸಾಲಿನ ಒಟ್ಟು ಉದ್ದದ ಎರಡು ಮೂರು ಪಟ್ಟು ದೂರ ಹೋಗುವವರೆಗೆ ಹಂತ 4ರ ಸೂತ್ರವನ್ನು ಬಳಸದೆ ಒಂದೊಂದನ್ನೇ ಕೂಡಿಸಿ.

ಸೂತ್ರ ಕೈಕೊಡುವ ಜಾಗಗಳು

ಇದುವರೆಗೆ ತೀವ್ರತೆಗಳು ಸುಮ್ಮನೆ ಕೂಡಿಕೊಳ್ಳುತ್ತವೆ ಎಂದೆವು. ಪ್ರತಿ ಆಕರವೂ ಉಳಿದವುಗಳ ಹಂಗಿಲ್ಲದೆ ತನ್ನ ಪಾಡಿಗೆ ಕಂಪಿಸುತ್ತಿದ್ದರೆ ಅದು ನಿಜ. ಎರಡು ಧ್ವನಿವರ್ಧಕಗಳಿಗೆ ಒಂದೇ ಸಂಕೇತ ಕೊಟ್ಟು ಒಂದೇ ಸ್ವರ ಹೊರಡಿಸಿದರೆ ಅವು ಸಂಸಕ್ತ ಆಕರಗಳಾಗುತ್ತವೆ. ಅಲೆಗಳು ಏರಿಗೆ ಏರು ಸೇರುವ ಕಡೆ ಒತ್ತಡ ಎರಡು ಪಟ್ಟಾಗಿ ತೀವ್ರತೆ ನಾಲ್ಕು ಪಟ್ಟಾಗುತ್ತದೆ, ಮಟ್ಟ 3ರ ಬದಲು 6 ಡೆಸಿಬೆಲ್ ಏರುತ್ತದೆ. ಏರಿಗೆ ಇಳಿವು ಸೇರುವ ಕಡೆ ಶಬ್ದ ಅಡಗುತ್ತದೆ. ಮಾಪಕವನ್ನು ಅರ್ಧ ಮೀಟರ್ ಅತ್ತಿತ್ತ ಸರಿಸಿದರೆ ಅಂಕಿ ಹಲವು ಡೆಸಿಬೆಲ್ ಜಿಗಿಯುತ್ತಿದ್ದರೆ ಇದೇ ಆಗುತ್ತಿದೆ ಎಂದು ತಿಳಿಯಬೇಕು. ಜನರೇಟರ್‌ಗಳ ವಿಷಯದಲ್ಲಿ ಅವುಗಳ ವೇಗ ಸರಿಸುಮಾರು ಒಂದೇ ಆದರೂ ಪೂರ್ತಿ ಒಂದೇ ಅಲ್ಲದ್ದರಿಂದ, ನಿಂತಲ್ಲೇ ಗುಂಯ್ಗುಟ್ಟುವ ಸದ್ದು ನಿಧಾನವಾಗಿ ಏರಿ ಇಳಿಯುವುದು ಕೇಳಿಸುತ್ತದೆ. ಆ ಏರಿಳಿತ ಹಲವು ಬಾರಿ ಮುಗಿಯುವಷ್ಟು ಹೊತ್ತು ಸರಾಸರಿ ತೀವ್ರತೆಯನ್ನು ಅಳೆದರೆ 10 · log10(N) ಮತ್ತೆ ಸರಿಹೊಂದುತ್ತದೆ.

ದೂರ ತೀರ ಹೆಚ್ಚಾದಾಗ ಗಾಳಿಯೇ ಶಬ್ದವನ್ನು ಹೀರುತ್ತದೆ. ಸೂತ್ರವನ್ನೇ ನಂಬಿದರೆ ನಮ್ಮ ಒಂದು ಜನರೇಟರಿನ ಮಟ್ಟ ಸೊನ್ನೆಗೆ ಇಳಿಯಲು 20 ಕಿಲೋಮೀಟರ್ ಹೋಗಬೇಕು, ಅಷ್ಟು ದೂರ ಅದು ಕೇಳಿಸದೆಂದು ಎಲ್ಲರಿಗೂ ಗೊತ್ತು. 20 ಡಿಗ್ರಿ ಸೆಲ್ಸಿಯಸ್ ಉಷ್ಣತೆ, ಶೇಕಡಾ 70 ತೇವಾಂಶದ ಗಾಳಿಯಲ್ಲಿ 1000 ಹರ್ಟ್ಸ್ ಸ್ವರ ಕಿಲೋಮೀಟರಿಗೆ ಸುಮಾರು 5 ಡೆಸಿಬೆಲ್ ಕಳೆದುಕೊಳ್ಳುತ್ತದೆ, 4000 ಹರ್ಟ್ಸ್ ಸ್ವರ ಸುಮಾರು 23. ನಮ್ಮ 40 ಅಥವಾ 80 ಮೀಟರಿಗೆ ಇದನ್ನು ಬಿಡಬಹುದು, ಕೆಲವು ನೂರು ಮೀಟರ್ ದಾಟಿದ ಮೇಲೆ ಬಿಡುವಂತಿಲ್ಲ. ದೂರದ ಯಂತ್ರದ ಕೀರಲು ಸದ್ದು ಸತ್ತು ಗುಡುಗುಟ್ಟುವ ತಗ್ಗು ಸದ್ದು ಮಾತ್ರ ಉಳಿಯುವುದೂ ಇದರಿಂದಲೇ.

ಕೋಣೆಯೊಳಗೆ ಈ ಲೆಕ್ಕ ಬೇಗ ಕೆಡುತ್ತದೆ. ಗೋಡೆ, ಚಾವಣಿಗಳಿಂದ ಮರಳಿದ ಶಬ್ದ ಕೋಣೆಯನ್ನೆಲ್ಲ ತುಂಬಿಕೊಳ್ಳುವುದರಿಂದ ಆಕರದಿಂದ ಸ್ವಲ್ಪ ದೂರ ಹೋದ ಮೇಲೆ ಮಟ್ಟ ಇಳಿಯುವುದೇ ನಿಲ್ಲುತ್ತದೆ. ಸಂಖ್ಯೆಯ ಸೂತ್ರ ಅಲ್ಲಿಯೂ ನಡೆಯುತ್ತದೆ, ದೂರದ ಸೂತ್ರ ನಡೆಯುವುದಿಲ್ಲ. ಪರೀಕ್ಷೆ ಸುಲಭ: ಒಂದೇ ಜನರೇಟರ್ ಓಡಿಸಿ 2, 4, 8 ಮೀಟರುಗಳಲ್ಲಿ ಅಳೆಯಿರಿ. 80, 74, 68 ಬಂದರೆ ದೂರದ ಸೂತ್ರ ಆ ಜಾಗಕ್ಕೆ ಸಲ್ಲುತ್ತದೆ. 80, 77, 76 ಬಂದರೆ ಪ್ರತಿಫಲಿತ ಶಬ್ದ ಮೇಲುಗೈ ಪಡೆದಿದೆ, ಅಲ್ಲಿ ಯಂತ್ರವನ್ನು ಇನ್ನೂ ದೂರ ಸರಿಸುವುದಕ್ಕಿಂತ ಶಬ್ದ ಹೀರುವ ಹೊದಿಕೆಯನ್ನು ಗೋಡೆಗೆ ಹಾಕುವುದು ಅಥವಾ ಓಡುವ ಯಂತ್ರಗಳ ಸಂಖ್ಯೆಯನ್ನೇ ಇಳಿಸುವುದು ಫಲ ಕೊಡುತ್ತದೆ.